ಚಿಕ್ಕಪ್ಪನ ಲಡಕಾಸಿ ಸ್ಕೂಟರ್

ನಿನ್ನೆ ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಭಾವ ಶುರು ಹಚ್ಚಿಕೊಂಡರು. "ನಿಮ್ಮ ಚಿಕ್ಕಪ್ಪನಿಗೆ ಹೋದ ವರ್ಷ ಅಡಿಕೆಯಲ್ಲಿ ಹತ್ತು ಲಕ್ಷ ಉಳಿಯಿತಂತೆ. ಇನ್ನೂ ಅದೇ ಲಡಕಾಸಿ ಸ್ಕೂಟರ್! ಎಂಥಾ ಜಿಪುಣ ಮಾರಾಯ." ಚಿಕ್ಕಪ್ಪ ಎರಡೇ ಎಲೆ ಆಚೆ ಕೂತಿದ್ದ. ನನಗೆ ಮೈ ಉರಿಯಿತು. ಅಲ್ಲಿ ಬಾಯಿ ಬಿಡಲಿಲ್ಲ, ಇಲ್ಲಿ ಬಿಡ್ತೀನಿ.

ಚಿಕ್ಕಪ್ಪನ ಲೆಕ್ಕ ನನಗೆ ಗೊತ್ತು, ಬರೆದುಕೊಡುವವನು ನಾನೇ. ತೋಟದ ಖರ್ಚು ಕಳೆದು ನಾಲ್ಕು ವರ್ಷದಲ್ಲಿ ಕೈಗೆ ಸಿಕ್ಕಿದ್ದು ಮೊದಲ ವರ್ಷ 6 ಲಕ್ಷ, ಕೊಳೆ ರೋಗ ಬಂದ ವರ್ಷ 3, ಆಮೇಲೆ 5, ಹೋದ ವರ್ಷ 10. ಸರಾಸರಿ 6. ಮನೆ ಖರ್ಚು ಮಾತ್ರ ಪ್ರತಿ ವರ್ಷ ಐದರ ಆಸುಪಾಸು. ಮೂರು ಬಂದ ವರ್ಷವೂ ಮನೆಯಲ್ಲಿ ಯಾರೂ ಅರೆಹೊಟ್ಟೆ ಉಣ್ಣಲಿಲ್ಲ, ಸೊಸೈಟಿ ಖಾತೆಯಲ್ಲಿದ್ದದ್ದನ್ನು ತೆಗೆದರು. ಹೋದ ವರ್ಷ ಅದನ್ನು ತುಂಬಿಸಿದರು, ಅಷ್ಟೇ.

ಇದನ್ನೇ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1957ರಲ್ಲಿ 'ಶಾಶ್ವತ ಆದಾಯ' ಅಂತ ಹೇಳಿದ್ದು. ಕೈಗೆ ಎಷ್ಟು ಬಂತು ಅಂತ ನೋಡಿ ಜನ ಖರ್ಚು ಮಾಡುವುದಿಲ್ಲ, ಮುಂದೆಯೂ ಸುಮಾರಾಗಿ ಎಷ್ಟು ಬರುತ್ತೆ ಅಂತ ನೋಡಿ ಮಾಡ್ತಾರೆ. ಭಾವನಿಗೆ ಇನ್‌ಕ್ರಿಮೆಂಟ್ ಸಿಕ್ಕಿತು, ಕಾರು ತಗೊಂಡರು. ಸರಿಯೇ, ಆ ದುಡ್ಡು ರಿಟೈರ್ ಆಗುವವರೆಗೂ ತಿಂಗಳು ತಿಂಗಳು ಬರುತ್ತೆ. ಚಿಕ್ಕಪ್ಪನಿಗೆ ಜಾಸ್ತಿ ಬಂದ ನಾಲ್ಕು ಲಕ್ಷ ರೇಟು ಏರಿದ್ದರಿಂದ ಒಂದೇ ಸಲ ಬಂದದ್ದು. ಎರಡೂ ಒಂದೇನಾ ಭಾವ?

ಸರಾಸರಿ ಆರು ಬಂದರೂ ಐದೇ ಯಾಕೆ ಖರ್ಚು? ಮರ ಹತ್ತುವವರನ್ನು ಹುಡುಕಿಕೊಂಡು ಅಲೆಯಲು ಇನ್ನು ಹತ್ತು ವರ್ಷಕ್ಕೆ ಚಿಕ್ಕಪ್ಪನಿಂದ ಆಗುವುದಿಲ್ಲ. ಪೆನ್ಷನ್ ಇಲ್ಲ. ದುಡಿಯುವ ಕಾಲದಲ್ಲಿ ಎತ್ತಿಟ್ಟು ಮುಪ್ಪಿನಲ್ಲಿ ಕರಗಿಸುವುದು, ಇದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೊಡಿಗ್ಲಿಯಾನಿಯ ಜೀವನಚಕ್ರದ ಲೆಕ್ಕ. ಭಾವನಿಗೆ ಈ ಉಳಿತಾಯವನ್ನು ಸಂಬಳದಲ್ಲೇ ಮುರಿದುಕೊಳ್ತಾರೆ, ಅದಕ್ಕೇ ಅವರಿಗೆ ಅದು ಕಾಣುವುದಿಲ್ಲ!

"ಎಲ್ಲರೂ ಹೀಗೆ ಮಾಡ್ತಾರಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇಲ್ಲ. ಅಡಿಕೆ ಕೊನೆ ಕೊಯ್ಯಲು ಬರುವವನಿಗೆ ಮಳೆಗಾಲದಲ್ಲಿ ಕೆಲಸ ಕಮ್ಮಿ. ಕೂಡಿಟ್ಟದ್ದಿಲ್ಲ, ಕಮ್ಮಿ ಬಡ್ಡಿಗೆ ಸಾಲವೂ ಹುಟ್ಟುವುದಿಲ್ಲ, ಹಾಗಾಗಿ ಅವನ ಖರ್ಚು ಆದಾಯದ ಜೊತೆಗೇ ಕುಸಿಯುತ್ತೆ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ, ದಾರಿ ಇಲ್ಲ. ಆದರೆ ಭಾವ ಆಡಿಕೊಂಡದ್ದು ಅವನನ್ನಲ್ಲವಲ್ಲ.

ಇನ್ನು ನನ್ನ ಕಥೆ. ಈ ಲೆಕ್ಕದ ಪ್ರಕಾರ ಖರ್ಚು ಬದಲಾಗಬೇಕಾದ್ದು ಸುದ್ದಿ ಬಂದ ದಿನ, ದುಡ್ಡು ಬಂದ ದಿನ ಅಲ್ಲ. ನನ್ನ ಅರಿಯರ್ಸ್ ಆದೇಶ ಬಂದದ್ದು ಜನವರಿಯಲ್ಲಿ. ಮೇವರೆಗೆ ಒಂದು ಪೈಸೆ ಜಾಸ್ತಿ ಖರ್ಚು ಮಾಡಲಿಲ್ಲ. ಖಾತೆಗೆ ಬಿದ್ದ ಮೆಸೇಜ್ ನೋಡಿದ್ದೇ ತಡ, ಆ ವಾರವೇ ಗೋವಾ! ಇಷ್ಟೆಲ್ಲ ಭಾಷಣ ಬಿಗಿಯುವ ನಾನು ಪಾಠ ಒಪ್ಪಿಸುವುದರಲ್ಲಷ್ಟೇ ಪಾಸು.

ಚಿಕ್ಕಪ್ಪನಿಗೆ ಭಾವನ ಮಾತು ಕೇಳಿಸಿತ್ತೋ ಇಲ್ಲವೋ. ಬಡಿಸುವವನನ್ನು ಕರೆದು, ಮೂರನೇ ಹೋಳಿಗೆ ಹಾಕಿಸಿಕೊಂಡು, ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಸುರಿಸಿಕೊಂಡ.