ತುಕ್ಕು ಹಿಡಿದ ಗೀಸರ್‌ಗೆ ನಾನ್ಯಾಕೆ ದುಡ್ಡು ಕೊಡಬೇಕು?

ಮಾಲಕರು ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಉಪಯೋಗಿಸಿದ್ದು ನೀವು, ಹಾಳು ಮಾಡಿದ್ದು ನೀವು, ಹೊಸದು ತಂದು ಹಾಕಿಸಿಕೊಳ್ಳಿ." ಇಷ್ಟು ಹೇಳಿ ಇಟ್ಟೇಬಿಟ್ಟರು. ಆಮೇಲೆ ಮೆಸೇಜ್ ಹಾಕಿದರೆ ಓದುತ್ತಾರೆ, ಉತ್ತರ ಇಲ್ಲ.

ನಾವಿರುವುದು ಕಾರವಾರದ ಕೋಡಿಬಾಗದಲ್ಲಿ. ಫರ್ನಿಶ್ಡ್ ಫ್ಲಾಟು. ಮಂಚ, ಕಪಾಟು, ಫ್ರಿಜ್, ಗೀಸರ್ ಎಲ್ಲ ಮಾಲಕರದ್ದೇ. ಬಾಡಿಗೆ ತಿಂಗಳಿಗೆ 14,000. ಇದೇ ಬಿಲ್ಡಿಂಗ್‌ನಲ್ಲಿ ಇಷ್ಟೇ ದೊಡ್ಡ ಖಾಲಿ ಫ್ಲಾಟಿಗೆ 10,500 ಕೊಡುತ್ತಿದ್ದಾರೆ. ಅಂದರೆ ನಾವು ತಿಂಗಳಿಗೆ 3,500 ಜಾಸ್ತಿ ಕೊಡುತ್ತಿರುವುದು ಈ ಸಾಮಾನುಗಳಿಗೇ ಅಲ್ವಾ? ಹನ್ನೊಂದು ತಿಂಗಳ ಕರಾರಿನಲ್ಲಿ ಅದೇ 38,500 ಆಗುತ್ತದೆ. ಹದಿನೈದು ಲೀಟರಿನ ಹೊಸ ಗೀಸರ್ ಏಳೆಂಟು ಸಾವಿರಕ್ಕೆ ಸಿಗುತ್ತದೆ. ಸಾಮಾನಿನ ಬಾಡಿಗೆ ತಿಂಗಳು ತಿಂಗಳು ಎಣಿಸಿಕೊಳ್ಳುವಾಗ ಅದು ಅವರ ಸಾಮಾನು. ಕೆಟ್ಟ ಕೂಡಲೇ ನಮ್ಮದಂತೆ!

"ಹಾಳು ಮಾಡಿದ್ದು ನೀವು" ಅಂದರಲ್ಲ, ಏನಾಯಿತು ಅಂತ ಹೇಳುತ್ತೇನೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಬಿಸಿನೀರು ಸ್ವಲ್ಪ ಕೆಂಪಗೆ ಬರುತ್ತಿತ್ತು. ತಣ್ಣೀರಿನ ನಲ್ಲಿಯಲ್ಲಿ ಆ ಬಣ್ಣ ಇರಲಿಲ್ಲ. ಅಂದರೆ ತುಕ್ಕು ಪೈಪಿನದ್ದಲ್ಲ, ಗೀಸರ್ ಒಳಗಿನದ್ದು. ಆವತ್ತೇ ಮಾಲಕರಿಗೆ ಫೋಟೋ ಕಳಿಸಿದೆ. "ಮಳೆ ನೀರು, ಹಾಗೇ ಇರುತ್ತದೆ" ಅಂದರು. ಆಮೇಲೆ ಗೀಸರ್‌ನ ತಳದಿಂದ ಹನಿ ಬೀಳಲು ಶುರುವಾಯಿತು. ಕೊನೆಗೆ ಸ್ವಿಚ್ ಹಾಕಿದರೆ ಸಾಕು, ಇಡೀ ಮನೆಯ ಕರೆಂಟ್ ಟ್ರಿಪ್.

ರಿಪೇರಿಯವರನ್ನು ನಾನೇ ಕರೆಸಿದೆ, ಅವರ ಕೂಲಿಯನ್ನೂ ನಾನೇ ಕೊಟ್ಟೆ. ಅವರು ಮೊದಲು ಪೈಪಿನ ಜಾಯಿಂಟು ಒರೆಸಿ ನೋಡಿದರು, ಒಣಗಿತ್ತು. ಸೇಫ್ಟಿ ವಾಲ್ವ್ ನೋಡಿದರು. ನೀರು ಕಾಯುವಾಗ ಹಿಗ್ಗುತ್ತದೆ, ಆಗ ಆ ವಾಲ್ವಿನಿಂದ ಒಂದೆರಡು ಹನಿ ಬಿದ್ದರೆ ಅದು ದೋಷವಲ್ಲವಂತೆ. ಇಲ್ಲಿ ಹಾಗಿರಲಿಲ್ಲ. ಸ್ವಿಚ್ ತೆಗೆದು, ನೀರು ಬರುವ ವಾಲ್ವ್ ಬಂದ್ ಮಾಡಿದ ಮೇಲೂ ಹೊರ ಕವಚದ ತಳದಿಂದ ಹನಿಯುತ್ತಲೇ ಇತ್ತು. ಅಂದರೆ ಒಳಗಿನ ಟ್ಯಾಂಕೇ ತೂತು. ತೂತಿನಿಂದ ಬಂದ ನೀರು ಒಳಗಿನ ಫೋಮ್ ನೆನೆಸಿ, ವೈರ್ ಕೂಡುವ ಜಾಗಕ್ಕೆ ಇಳಿದಿತ್ತು. ಟ್ರಿಪ್ ಆಗುತ್ತಿದ್ದದ್ದು ಅದಕ್ಕೇ.

ಕೆಳಗಿನ ಮುಚ್ಚಳ ಬಿಚ್ಚಿದಾಗ ನಿಜವಾದ ಕಾರಣ ಸಿಕ್ಕಿತು. ಗೀಸರ್ ಟ್ಯಾಂಕಿನ ಒಳಗೆ ಮೆಗ್ನೀಸಿಯಂ ರಾಡ್ ಅಂತ ಒಂದು ಇರುತ್ತದೆ. ಟ್ಯಾಂಕಿನ ಕಬ್ಬಿಣಕ್ಕಿಂತ ಮೊದಲು ಅದು ಕರಗುತ್ತದೆ. ಅದು ಇರುವ ತನಕ ಟ್ಯಾಂಕಿಗೆ ತುಕ್ಕು ಹಿಡಿಯುವುದು ತಡೆಯುತ್ತದೆ. ಕರಗಿ ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಕೈ ಹಾಕುತ್ತದೆ. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ಬೇಗ ಕರಗುತ್ತದೆ. ನಮ್ಮದು ಕಾಳಿ ನದಿ ಸಮುದ್ರ ಸೇರುವ ಕಡೆ. ಬೇಸಿಗೆಯಲ್ಲಿ ಬೋರಿನ ನೀರು ಬಾಯಿಗೆ ಹಾಕಿದರೆ ಉಪ್ಪೇ ಉಪ್ಪು. ಇಂಥ ಕಡೆ ವರ್ಷಕ್ಕೊಮ್ಮೆಯಾದರೂ ಆ ರಾಡ್ ತೆಗೆದು ನೋಡಬೇಕು, ಸವೆದಿದ್ದರೆ ಬದಲಿಸಬೇಕು. ನಮ್ಮ ಗೀಸರ್‌ನಲ್ಲಿ ರಾಡ್ ಇರಲೇ ಇಲ್ಲ. ನಡುವಿನ ತೆಳ್ಳಗಿನ ತಂತಿಯಷ್ಟೇ ಉಳಿದಿತ್ತು. "ಇದು ಮುಗಿದು ವರ್ಷಗಳೇ ಆಗಿವೆ ಸರ್" ಅಂದರು ರಿಪೇರಿಯವರು.

ಕವಚದ ಮೇಲಿನ ಚೀಟಿಯಲ್ಲಿ ತಯಾರಾದ ಇಸವಿ ಇದೆ: 2013. ನಾವು ಈ ಮನೆಗೆ ಬಂದಿದ್ದು 2024ರಲ್ಲಿ. ಅಲ್ಲಿಯ ತನಕ ಎಷ್ಟು ಬಾಡಿಗೆದಾರರು ಬಂದು ಹೋದರೋ, ಯಾರ ಕಾಲದಲ್ಲೂ ಒಮ್ಮೆಯೂ ಸರ್ವಿಸ್ ಆದ ಗುರುತಿಲ್ಲ. ಹನ್ನೊಂದು ವರ್ಷ ಉಪ್ಪು ನೀರು ಕುಡಿದ ಟ್ಯಾಂಕನ್ನು ನಾನು ಹಾಳು ಮಾಡಿದೆನಂತೆ!

ವೆಲ್ಡಿಂಗ್ ಮಾಡಿಸಿ ಅನ್ನುವ ಸಲಹೆಯೂ ಬಂತು. ಈ ಟ್ಯಾಂಕಿನ ಒಳಗೆ ಗಾಜಿನಂಥ ಲೇಪ ಇದೆ. ವೆಲ್ಡಿಂಗ್ ಬಿಸಿಗೆ ಅದು ಒಡೆದು ಉದುರುತ್ತದೆ, ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ಕಾಯಿಲ್ ಹೋಗಿದ್ದರೆ ಬದಲಿಸಬಹುದಿತ್ತು, ಥರ್ಮೋಸ್ಟಾಟ್ ಹೋಗಿದ್ದರೆ ಬದಲಿಸಬಹುದಿತ್ತು. ಅವಕ್ಕೆ ನಾನೇ ದುಡ್ಡು ಕೊಡುತ್ತಿದ್ದೆ, ಮಾತೇ ಆಡುತ್ತಿರಲಿಲ್ಲ. ಟ್ಯಾಂಕ್ ತೂತಾದ ಮೇಲೆ ರಿಪೇರಿ ಅನ್ನುವುದೇ ಇಲ್ಲ. ಹೊಸದೇ ಆಗಬೇಕು.

ಇದಾದ ಮೇಲೆ ಮಾಲಕರ ಅಳಿಯ ಫೋನ್ ಮಾಡಿದರು. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಗೀಸರ್ ರಿಪೇರಿ ಬಾಡಿಗೆದಾರನ ಪಾಲಿಗೆ ಇದೆ ನೋಡಿ ಅಂದರು. ನೋಡಿದೆ, ಇದೆ. ಆದರೆ ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತಾನೇ ಅಂಥ ಕಾನೂನು ಮಾಡಿದರೆ ಮಾತ್ರ ಜಾರಿ. ಅದಿರಲಿ, ಅಲ್ಲಿ ಬರೆದಿರುವುದು ರಿಪೇರಿ. ಆಯುಷ್ಯ ಮುಗಿದ ಮಾಲಕರ ಗೀಸರ್ ಜಾಗಕ್ಕೆ ಬಾಡಿಗೆದಾರ ಹೊಸದು ತಂದು ಕೂರಿಸಿ, ಬಿಟ್ಟು ಹೋಗಬೇಕು ಅಂತ ಅದರ ಅರ್ಥವೇ?

ನಮ್ಮ ಕರಾರಿನ ಕೊನೆಯ ಹಾಳೆಯಲ್ಲಿ ಸಾಮಾನಿನ ಪಟ್ಟಿ ಇದೆ. "ಗೀಸರ್ 1, ಚಾಲೂ ಸ್ಥಿತಿ" ಅಂತ ಬರೆದು ಅವರೇ ಸಹಿ ಮಾಡಿದ್ದಾರೆ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡದು ಮಾಲಕರದು ಅಂತಲೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಕೂಡ ಮನೆಯನ್ನು ಪಡೆದ ಸ್ಥಿತಿಯಲ್ಲೇ ತಿರುಗಿ ಕೊಡಿ ಅನ್ನುತ್ತದೆ, ಆದರೆ ಬಳಕೆಯಿಂದ ಸಹಜವಾಗಿ ಸವೆದದ್ದನ್ನು ಬಿಟ್ಟು. ಮಾಲಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತಲೂ ಅದೇ ಕಲಂನಲ್ಲಿ ಇದೆ.

ಮನೆಯಲ್ಲಿ ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಶಿರಸಿ ಕಡೆಯ ನಮ್ಮ ಮನೆಯಲ್ಲಾದರೆ ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರು. ಇಲ್ಲಿ ಆಷಾಢದ ಮಳೆಯಲ್ಲಿ ಗ್ಯಾಸ್ ಮೇಲೆ ಪಾತ್ರೆ ಇಟ್ಟು ಕಾಯಿಸಿ, ಕುದಿಯುವ ನೀರನ್ನು ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತು ಸಾಗಿಸುತ್ತಿದ್ದೇವೆ. ಸಿಲಿಂಡರ್ ಬೇಗ ಖಾಲಿ. ಕಾಲು ಜಾರಿದರೆ ಯಾರು ಜವಾಬ್ದಾರಿ? ಬಕೆಟ್ಟಿಗೆ ಕಾಯಿಲ್ ಹಾಕಿಕೊಳ್ಳಿ ಅನ್ನುತ್ತಾರೆ ಮಾಲಕರು. ಒದ್ದೆ ನೆಲದ ಬಚ್ಚಲಲ್ಲಿ, ಅತ್ತೆ ಒಬ್ಬರೇ ಇರುವಾಗ! ಇದನ್ನು ತಮ್ಮ ತಾಯಿಗೆ ಹೇಳುತ್ತಾರಾ?

ಈಗ ಹೊಸ ಬೆದರಿಕೆ ಬಂದಿದೆ. ಮನೆ ಬಿಡುವಾಗ ಗೀಸರ್ ದುಡ್ಡನ್ನು ಡಿಪಾಸಿಟ್‌ನಲ್ಲಿ ಮುರಿಯುತ್ತಾರಂತೆ. ನಿನ್ನೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದೆ. 2013 ಅಂತ ಕಾಣುವ ಚೀಟಿಯ ಫೋಟೋ, ಕರಗಿದ ರಾಡಿನ ಫೋಟೋ, ರಿಪೇರಿಯವರು ಸಹಿ ಹಾಕಿ ಬರೆದುಕೊಟ್ಟ ಚೀಟಿ, ಕರಾರಿನ ಸಾಮಾನು ಪಟ್ಟಿಯ ಜೆರಾಕ್ಸ್ ಎಲ್ಲ ಅದರಲ್ಲಿವೆ. ಹದಿನೈದು ದಿನದ ಗಡುವು ಕೊಟ್ಟಿದ್ದೇನೆ. ಅಷ್ಟರಲ್ಲಿ ಹಾಕಿಸದಿದ್ದರೆ ಅದೇ ಅಳತೆಯ ಗೀಸರ್ ಹಾಕಿಸಿ, ಬಿಲ್ಲಿನ ಜೊತೆ ಅಷ್ಟು ಕಡಿಮೆ ಬಾಡಿಗೆ ಕಳಿಸುತ್ತೇನೆ. ಹಳೆಯ ಗೀಸರ್ ಅನ್ನು ಗುಜರಿಗೆ ಕೊಡುವುದಿಲ್ಲ, ಅದು ಅವರದ್ದು, ಬಾಲ್ಕನಿಯಲ್ಲಿ ಇಟ್ಟಿರುತ್ತೇನೆ. ಬೇಕಾದರೆ ಬಂದು ಮುಚ್ಚಳ ಬಿಚ್ಚಿ ತಾವೇ ನೋಡಲಿ.