ಸುಣ್ಣದ ಗೋಡೆ ಮೇಲೆ ಟ್ಯೂಬ್‌ಲೈಟು

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ ಅಂದುಕೊಳ್ಳಿ. ಸಂಜೆ ಐದರ ಬಿಸಿಲು, ಸುಣ್ಣ ಬಳಿದ ಗೋಡೆ, ಅರ್ಧ ಗೋಡೆಗೆ ಬೇವಿನ ಮರದ ನೆರಳು, ಗಾಳಿ ತುಂಬ ಹೊಟ್ಟಿನ ಧೂಳು. ಕ್ಯಾಲೆಂಡರಿಗೆಂದು ಫೋಟೋಶಾಪಿನಲ್ಲಿ ಈ ಫೋಟೋದ ಗೋಡೆಗೆ ಗಿರಣಿಯ ಲೋಗೋ ಕೂರಿಸಬೇಕು. ಕೂರಿಸಿದ ಕೂಡಲೇ ಅದು ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಎದ್ದು ಕಾಣುತ್ತದೆ. ಗೋಡೆ ಮಾಸಿದ ಪಂಚೆ, ಲೋಗೋ ಟ್ಯೂಬ್‌ಲೈಟು.

ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಒಪಾಸಿಟಿ ಎಂಬತ್ತಕ್ಕೆ ಇಳಿಸುವುದು. ಇದರಿಂದ ಲೋಗೋ ಗೋಡೆಗೆ ಹೊಂದುವುದಿಲ್ಲ, ಗೋಡೆಯ ಮುಂದೆ ತೇಲುವ ದೆವ್ವ ಆಗುತ್ತದೆ. ತಪ್ಪು ಇರುವುದು ಬೇರೆ ಕಡೆ. ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲಿ ಲೋಗೋದ ಬಿಳಿ 255, 255, 255. ಕಪ್ಪು ಮೂರೂ ಸೊನ್ನೆ. ಆ ಫೋಟೋದಲ್ಲಿ ಅಷ್ಟು ಬಿಳಿಯೂ ಇಲ್ಲ, ಅಷ್ಟು ಕಪ್ಪೂ ಇಲ್ಲ. ಬಿಸಿಲು ಹಳದಿ, ಧೂಳು ಕಪ್ಪನ್ನು ತಿಂದಿದೆ.

ಹಾಗಾಗಿ ಮೊದಲು ಆರು ಅಂಕಿ ಬರೆದಿಟ್ಟುಕೊಳ್ಳಬೇಕು. ಐಡ್ರಾಪರನ್ನು `5 by 5 Average`ಗೆ ಇಡಿ. ಒಂದೇ ಚುಕ್ಕಿ ಹಿಡಿದರೆ ಸುಣ್ಣದ ಬದಲು ನೊಣದ ಬಣ್ಣ ಸಿಕ್ಕೀತು. ಬಿಸಿಲು ಬಿದ್ದ ಸುಣ್ಣ 236, 222, 196 ತೋರಿಸಿತು ಎನ್ನಿ. ಕಪ್ಪಿಗೆ ಶಟರಿನ ಸಂದಿ ನೋಡಿ: 58, 52, 46. ಈ ಸಂದಿ ಗೋಡೆಯಷ್ಟೇ ದೂರದಲ್ಲಿರಬೇಕು. ಕ್ಯಾಮೆರಾದ ಪಕ್ಕದಲ್ಲೇ ನಿಂತ ಟ್ರ್ಯಾಕ್ಟರ್ ಟೈರಿನ ಕಪ್ಪು ತೆಗೆದುಕೊಂಡರೆ ಕೆಟ್ಟಿತು, ಯಾಕೆಂದರೆ ಟೈರಿಗೂ ನಮಗೂ ನಡುವೆ ಧೂಳೇ ಇಲ್ಲ. ಅದೇ ಫೋಟೋದಲ್ಲಿ ದೂರದ ನೀರಿನ ಟ್ಯಾಂಕಿನ ಕಪ್ಪು ನೂರು ದಾಟಿರುತ್ತದೆ.

ಈಗ ನೆರಳು. ಕಪ್ಪು ಬ್ರಷ್ಷಿನಿಂದ ಎಳೆದ ನೆರಳು ಮಸಿ ಬಳಿದ ಹಾಗೆ ಕಾಣುತ್ತದೆ. ನಿಜವಾದ ನೆರಳಿಗೆ ಬೆಳಕು ಕೊಡುವುದು ಆಕಾಶ, ಹಾಗಾಗಿ ಅದರಲ್ಲಿ ನೀಲಿ ಇರುತ್ತದೆ. ನಮ್ಮ ಗೋಡೆಯ ನೆರಳು 122, 124, 130. ಇದನ್ನು ಬರೆಯುವ ಗೋಜು ಬೇಡ, ಗೋಡೆಯಿಂದಲೇ ಕದಿಯಬಹುದು. ಫೋಟೋದ ಒಂದು ಪ್ರತಿ ತೆಗೆದು ಲೋಗೋದ ಮೇಲಿಟ್ಟು, ಎರಡು ಲೇಯರುಗಳ ನಡುವೆ ಆಲ್ಟ್ ಒತ್ತಿ ಕ್ಲಿಕ್ಕಿಸಿದರೆ ಅದು ಲೋಗೋದ ಆಕಾರಕ್ಕಷ್ಟೇ ಕಟ್ಟಿಬೀಳುತ್ತದೆ. ಆ ಪ್ರತಿಯ ಮೇಲೆ `Levels` ತೆರೆದು ಒಂದೊಂದೇ ಚಾನೆಲ್ಲಿಗೆ ಹೋಗಿ. ಕೆಂಪಿನಲ್ಲಿ ಮೇಲಿನ ಎಡ ಚೌಕಕ್ಕೆ 58, ಬಲ ಚೌಕಕ್ಕೆ 236. ಹಸಿರಿಗೆ 52, 222. ನೀಲಿಗೆ 46, 196. ಬಿಸಿಲಿನ ಗೋಡೆ ಅಪ್ಪಟ ಬಿಳಿ ಆಯಿತು, ನೆರಳು ನೀಲಿ ಛಾಯೆಯಲ್ಲಿ ಉಳಿಯಿತು. ಈ ಲೇಯರಿನ ಬ್ಲೆಂಡ್ ಮೋಡನ್ನು `Multiply` ಮಾಡಿ.

ಇದರ ಮೇಲೆ ಇನ್ನೊಂದು `Levels`, ಅಡ್ಜಸ್ಟ್‌ಮೆಂಟ್ ಲೇಯರಾಗಿ, ಇದನ್ನೂ ಲೋಗೋಗೇ ಕಟ್ಟಿ. ಅದೇ ಆರು ಅಂಕಿ, ಆದರೆ ಈ ಸಲ ಕೆಳಗಿನ `Output` ಚೌಕಗಳಲ್ಲಿ. ಒಳಗೆ ಬರುವಾಗ ತೆಗೆದ ಧೂಳನ್ನೂ ಹಳದಿಯನ್ನೂ ಹೊರಗೆ ಹೋಗುವಾಗ ವಾಪಸ್ ಕೊಟ್ಟ ಹಾಗೆ. ಲೆಕ್ಕ ನೋಡಿ: ನೆರಳಿನ ಕೆಂಪು 122 ಮೊದಲ ಸುತ್ತಿನಲ್ಲಿ 92ಕ್ಕೆ ಇಳಿದು, ಎರಡನೆಯದರಲ್ಲಿ ಮತ್ತೆ 122ಕ್ಕೇ ಬರುತ್ತದೆ. ಅಂದರೆ ಲೋಗೋದ ಬಿಳಿಯೂ ನೆರಳಿನ ಸುಣ್ಣವೂ ಒಂದೇ ಬಣ್ಣ. ಈ ಕ್ರಮ ಮಾತ್ರ ತಿರುವುಮುರುವು ಆಗಬಾರದು. ಧೂಳು ಕೊಟ್ಟ ಮೇಲೆ ನೆರಳು ಹಾಕಿದರೆ ಧೂಳಿಗೇ ನೆರಳು ಬಿದ್ದು, ನೆರಳಿನಲ್ಲಿರುವ ಅಕ್ಷರಗಳು ಡಾಂಬರಿನ ಹಾಗೆ ಕಪ್ಪಾಗುತ್ತವೆ.

ಸರಿಯಾಯಿತೋ ಇಲ್ಲವೋ ನೋಡಲು ಕಣ್ಣನ್ನು ನಂಬಬೇಡಿ, ಅದು ಬೇಗ ಒಗ್ಗಿಕೊಳ್ಳುತ್ತದೆ. ನೀಲಿ ಚಾನೆಲ್ಲೊಂದನ್ನೇ ತೆರೆಯಿರಿ. ಸಂಜೆ ಬಿಸಿಲಲ್ಲಿ ಕಡಿಮೆ ಇರುವುದೇ ನೀಲಿ, ಹಾಗಾಗಿ ಕಳ್ಳ ಸಿಕ್ಕಿಬೀಳುವುದೂ ಅಲ್ಲೇ: ಹೊಂದದ ಬಿಳಿ ಗೋಡೆಗಿಂತ ಹೊಳೆಯುತ್ತದೆ. ನಿನ್ನೆಯ ಅಂಕಿಗಳನ್ನು ಇವತ್ತಿನ ಫೋಟೋಗೆ ಹಾಕುವ ಸೋಮಾರಿತನವೂ ಅಲ್ಲೇ ಬಯಲಾಗುತ್ತದೆ. ಸಂಡೂರಿನ ಅದಿರು ರಸ್ತೆಯ ಕೆಂಧೂಳಿಗೂ ಗಂಗಾವತಿಯ ಹೊಟ್ಟಿನ ಧೂಳಿಗೂ ಒಂದೇ ಅಂಕಿ ಹೇಗೆ ಸರಿಹೋದೀತು?

ಇಷ್ಟೆಲ್ಲ ಆದ ಮೇಲೆ ಸಾವ್ಕಾರ್ರು ಬರುತ್ತಾರೆ. ವಿಸಿಟಿಂಗ್ ಕಾರ್ಡನ್ನು ಮಾನಿಟರಿಗೆ ಹಿಡಿದು, “ನಮ್ಮ ಲೋಗೋ ಬೆಳ್ಳಗ ಐತ್ರಿ, ಇದ್ಯಾಕ ಮಾಸೇತಿ?” ಅನ್ನುತ್ತಾರೆ. ವಾದ ಬೇಡ. ಲೋಗೋದ ಬಿಳಿಯ ಪಕ್ಕದ ಸುಣ್ಣದ ಮೇಲೆ ಅವರದೇ ಬೆರಳು ಇಡಿಸಿ. ಎರಡೂ ಒಂದೇ ಎಂದು ಒಪ್ಪಿಕೊಂಡು, ಗೋಡೆಗೆ ಸುಣ್ಣ ಹೊಡೆದವನನ್ನು ಬೈಯಲು ಶುರು ಮಾಡುತ್ತಾರೆ.

ಒಂದು ಮಾತು ಬಿಟ್ಟಿದ್ದೆ. ಗೋಡೆಯ ಪ್ರತಿ ನೆರಳನ್ನಷ್ಟೇ ತರುವುದಿಲ್ಲ, ಗೋಡೆಯ ಮೇಲಿರುವುದನ್ನೆಲ್ಲ ತರುತ್ತದೆ. ಸುಣ್ಣದ ಬಿರುಕು ಬಂದರೆ ಚೆಂದ, ಲೋಗೋ ನಿಜಕ್ಕೂ ಬರೆಸಿದಂತೆ ಕಾಣುತ್ತದೆ. ಆದರೆ `Clone Stamp` ಹಿಡಿದು ಆ ಪ್ರತಿಯನ್ನು ಮೊದಲೇ ಒರೆಸಿಕೊಳ್ಳದಿದ್ದರೆ, ಗಿರಣಿಯ ಹೆಸರಿನ ನಡುವೆ ಮಸುಕಾಗಿ “ಇಲ್ಲಿ ಮೂತ್ರ ಮಾಡಬಾರದು” ಅಂತಲೂ ಓದಬಹುದು. ಅದೂ ಸರಿಯಾದ ವೈಟ್ ಬ್ಯಾಲೆನ್ಸಿನಲ್ಲಿ.