ನವೆಂಬರ್ ಒಂದರ ರಜೆ ಡಿಸೆಂಬರ್ ಒಂದಕ್ಕೆ ತೀರಿಕೊಂಡಿತು

ನಮ್ಮ ಕಾರ್ಖಾನೆಯಲ್ಲಿ ರಾಜ್ಯೋತ್ಸವ ಬಹಳ ಜೋರು. ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಬಾವುಟ ಏರುತ್ತದೆ. ನಾಡಗೀತೆ ಆಗುತ್ತದೆ. ಕೈಗೊಂದು ಲಾಡು, ಕೊರಳಿಗೊಂದು ಹಳದಿ-ಕೆಂಪು ಶಾಲು. ಎಂಟೂವರೆಗೆ ಶಾಲು ಮಡಚಿಟ್ಟು ಮಿಷಿನ್ ಆನ್ ಮಾಡಬೇಕು. "ಡಿಸ್ಪ್ಯಾಚ್ ಅರ್ಜೆಂಟ್ ಇದೆ, ಹೇಗೂ ಬಂದಿದ್ದೀರಲ್ಲ" ಅಂತಾರೆ ಸೂಪರ್‌ವೈಸರ್. ಲಾಡು ತಿಂದ ತಪ್ಪಿಗೆ ಎಂಟು ಗಂಟೆ ಶಿಫ್ಟು.

ಸಂಜೆ ಎಚ್‌ಆರ್ ಮೇಡಂ ಹತ್ತಿರ ಹೋದೆ. "ಮೇಡಂ, ಇವತ್ತಿಂದು ದುಡ್ಡಾಗಿ ಕೊಡ್ತೀರಾ?"

"ದುಡ್ಡಿನ ಪಾಲಿಸಿ ಇಲ್ಲಪ್ಪ. ಕಾಂಪ್-ಆಫ್ ತಗೊಳ್ಳಿ, ಬದಲಿಗೆ ಒಂದು ದಿನ ರಜೆ. ಯಾವ ದಿನ ಅನ್ನೋದು ನಿಮ್ಮ ಆಯ್ಕೆ. ಮ್ಯಾನೇಜರ್ ಒಪ್ಪಬೇಕು ಅಷ್ಟೆ."

ಮದುವೆಗೆ ಹುಡುಗ ಯಾರು ಅಂತ ಮನೆಯವರು ತೀರ್ಮಾನಿಸಿ, ಸೀರೆ ಬಣ್ಣ ಮಾತ್ರ ನಿನ್ನಿಷ್ಟ ಅಂದ ಹಾಗಿತ್ತು. ಕರ್ನಾಟಕದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರದ್ದು. ಗಣರಾಜ್ಯೋತ್ಸವ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಯ ಜೊತೆ ನವೆಂಬರ್ 1 ಕೂಡ ಅದರಲ್ಲಿದೆ. ಅಂಥ ದಿನ ದುಡಿಸಿಕೊಂಡರೆ ಎರಡು ದಾರಿ: ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆ ಬೇರೊಂದು ದಿನ ಸಂಬಳದ ರಜೆ. ಎರಡರಲ್ಲಿ ಯಾವುದು ಅನ್ನುವುದೇ ನಮ್ಮ ಆಯ್ಕೆ. ಆ ಆಯ್ಕೆಯನ್ನು ಮೇಡಂ ನಮ್ಮ ಪರವಾಗಿ ಆಗಲೇ ಮಾಡಿಬಿಟ್ಟಿದ್ದರು. ಪಾಪ, ನಮಗೇಕೆ ತೊಂದರೆ ಅಂತ.

ನನ್ನ ಲೆಕ್ಕ ಸುಲಭ. ತಿಂಗಳಿಗೆ 20,800 ರೂಪಾಯಿ, 26ರಿಂದ ಭಾಗಿಸಿದರೆ ದಿನಕ್ಕೆ 800. ರಜೆ ದಿನದ 800 ಸಂಬಳದಲ್ಲೇ ಸೇರಿದೆ. ದುಡಿದಿದ್ದಕ್ಕೆ ಇನ್ನೊಂದು 800 ಬರಬೇಕು. ಅಷ್ಟೇ ದುಡ್ಡಿನ ಮಾತು. ಅದರ ಬದಲು ನನ್ನ ಮೊಬೈಲಿನ ಆಪ್‌ನಲ್ಲಿ 'ಕಾಂಪ್-ಆಫ್: 1' ಅಂತ ಮೂಡಿತು. ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಮೂವತ್ತು ದಿನದ ಆಯಸ್ಸು.

ಮೊದಲ ಸಲ ಅರ್ಜಿ ಹಾಕಿದೆ. ಲೋಡ್ ಜಾಸ್ತಿ ಇದೆ ಅಂದರು. ಎರಡನೇ ಸಲ ಆಡಿಟ್. ಮೂರನೇ ಸಲ, "ನೀನೂ ಹೋದರೆ ಮಿಷಿನ್ ಯಾರು ನೋಡ್ತಾರೆ?" ಅಂತ ಪ್ರೀತಿಯಿಂದ ಬೆನ್ನು ತಟ್ಟಿದರು. ಡಿಸೆಂಬರ್ 2ಕ್ಕೆ ನೋಡಿದರೆ ಸೊನ್ನೆ. ಕೊಡದೇ ಇದ್ದವರೂ ಅವರೇ, ಅವಧಿ ಮುಗೀತು ಅಂದವರೂ ಅವರೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆದರೆ ಕಂಪನಿಗೆ ನಾವು ಕೊಡಬೇಕಾದ ರಜೆಗೆ ಇಂಥ ಸಾವಿಲ್ಲ. ಒಂದು ಬಂದ್ ದಿನ ಬಸ್ಸಿಲ್ಲ ಅಂತ ಗೇಟು ಮುಚ್ಚಿದರು. ಮಧ್ಯಾಹ್ನದ ಊಟ ಆಗುವುದರೊಳಗೆ ವಾಟ್ಸಾಪ್ ಬಂತು: "ಬರುವ ಭಾನುವಾರ ಕೆಲಸದ ದಿನ." ಮೂರೇ ದಿನದಲ್ಲಿ ವಸೂಲಿ. ಲೋಡು, ಆಡಿಟ್ಟು ಯಾವುದೂ ಅಡ್ಡ ಬರಲಿಲ್ಲ.

ಭಾನುವಾರದ ಕಥೆ ಇನ್ನೂ ಚೆನ್ನಾಗಿದೆ. ಹಬ್ಬದ ರಜೆಗೆ ಕಾನೂನಿನಲ್ಲಿ 'ಅಥವಾ' ಇದೆ. ವಾರದ ರಜೆಗೆ ಇರುವುದು 'ಮತ್ತು'. ಕಾರ್ಖಾನೆಯಲ್ಲಿ ವಾರದ ರಜೆ ಕಳೆದುಕೊಂಡವನಿಗೆ ಅದೇ ತಿಂಗಳು ಅಥವಾ ಮುಂದಿನ ಎರಡು ತಿಂಗಳೊಳಗೆ ಬದಲಿ ರಜೆ ಕೊಡಬೇಕು. ಅದಲ್ಲದೆ ಆ ವಾರದ ದುಡಿಮೆ 48 ಗಂಟೆ ದಾಟಿದ್ದರೆ, ದಾಟಿದ ಗಂಟೆಗಳಿಗೆ ಎರಡು ಪಟ್ಟು ಓಟಿ. ಆರು ದಿನ ಎಂಟೆಂಟು ಗಂಟೆ ಮಾಡಿ ಏಳನೇ ದಿನವೂ ಬಂದರೆ 56. ಎಂಟು ಗಂಟೆ ಓಟಿ ಅಂದರೆ ನನಗೆ 1,600 ರೂಪಾಯಿ. ರಜೆ ಕೊಟ್ಟಿದ್ದೀವಲ್ಲ ಅನ್ನುವುದು ಇದಕ್ಕೆ ಉತ್ತರ ಅಲ್ಲ.

ಅದಕ್ಕೂ ಉಪಾಯ ಉಂಟು. "ಭಾನುವಾರ ಥಂಬ್ ಕೊಡಬೇಡಿ, ಗೇಟ್ ಬುಕ್ಕಿನಲ್ಲಿ ಸೈನ್ ಹಾಕಿ ಬನ್ನಿ" ಅನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಆ ದಿನ 'ವೀಕ್ಲಿ ಆಫ್'. ಅಂದರೆ ನಾನು ಮನೆಯಲ್ಲಿ ಕೋಳಿ ಸಾರು ಉಣ್ಣುತ್ತಿದ್ದೆ. ಹಾಗಾದರೆ ಅವತ್ತು ತಯಾರಾದ ಪೀಸುಗಳನ್ನು ಮಾಡಿದ್ದು ಯಾರು? ಪಕ್ಕದ ಮಿಷಿನ್ನಿನ ಅಣ್ಣ ಮಾತ್ರ ಪ್ರತಿ ಭಾನುವಾರ ಗೇಟ್ ಬುಕ್ಕಿನ ಪುಟದ ಫೋಟೋ ತೆಗೆದಿಟ್ಟುಕೊಳ್ಳುತ್ತಾನೆ. ಸೆಕ್ಯೂರಿಟಿ ಕೇಳಿದರೆ, "ಸುಮ್ನೆ, ನನ್ನ ಸೈನ್ ಚೆನ್ನಾಗಿದೆಯಾ ಅಂತ ನೋಡೋಕೆ" ಅಂತಾನೆ.

ಮೊನ್ನೆ ಕರೆಂಟ್ ಲೈನ್ ರಿಪೇರಿ ಅಂತ ಮಂಗಳವಾರ ಇಡೀ ದಿನ ಪವರ್ ಇಲ್ಲ ಅಂದರು. ಸೋಮವಾರ ರಾತ್ರಿ ಮೇಡಂ ಮೆಸೇಜು: "ನಾಳೆ ಎಲ್ಲರೂ ತಮ್ಮ ಕಾಂಪ್-ಆಫ್ ಬಳಸಿಕೊಳ್ಳಿ, ಮ್ಯಾನೇಜರ್ ಒಪ್ಪಿದ್ದಾರೆ."

ನನ್ನ ಖಾತೆಯಲ್ಲಿ ಸೊನ್ನೆ ಇತ್ತಲ್ಲ. ಅದಕ್ಕೆ ಒಂದು ಸಿಎಲ್ ಕಟ್ ಮಾಡಿಕೊಂಡರು.